ಭಿಲಾಯಿಗೆ ಹೋದ ಚಟ್ನಿ

ನನಗೆ ನನ್ನ ನೆಗೆಣ್ಣಿ ಪ್ರಭಾವತಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುವ ಹಂಬಲ ನನಗಿಲ್ಲ. ಅವಳು ನನ್ನ ಮೈದುನ ಸಿದ್ರಾಮನ ಹೆಂಡತಿ, ನನಗಿಂತ ವಯಸ್ಸಿನಲ್ಲಿ ಸಣ್ಣವಳು, ಈ ಮನೆಗೆ ನನ್ನ ಹಿಂದೆ ಬಂದವಳು. ಮನೆ ಪಾಲಾದಾಗ ಸೋಲಾಪುರದ ನವಿ ಪೇಠದ ಚಾದರ ಅಂಗಡಿ ಅವರ ಕಡೆ ಹೋಯಿತು. ಅಕ್ಕಲಕೋಟೆಯ ಈ ಗೂಡಿನಂಥ ಅಂಗಡಿ ನಮ್ಮ ಪಾಲಿಗೆ ಬಂತು. ನಮ್ಮವರು ಸಿದ್ದಣ್ಣ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್. ಅವರಿಗೆ ಅಂಗಡಿ ಬೇಕಿರಲಿಲ್ಲ, ಹೀಗಾಗಿ ಅದು ನನ್ನ ಕೊರಳಿಗೆ ಬಿತ್ತು.

ಅವಳ ಅಂಗಡಿಗೆ ಗಾಜಿನ ಬಾಗಿಲು, ಟೆಲಿಫೋನು, ಮೇಲೆ 'ಪ್ರಭಾವತಿ ಚಾದರ ಭಂಡಾರ' ಅಂತ ಕೆಂಪಕ್ಷರದ ಬೋರ್ಡು. ನನ್ನ ಅಂಗಡಿಗೆ ಬೋರ್ಡೇ ಇಲ್ಲ. ಆದರೆ ನನ್ನ ಶೇಂಗಾ ಚಟ್ನಿಗೆ ಬೋರ್ಡು ಯಾಕೆ ಬೇಕು? ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದಪುಡಿ ಹಾಕಿ ಒರಳಲ್ಲಿ ಎಣ್ಣೆ ಬಿಡುವ ತನಕ ನಾನೇ ಕುಟ್ಟುತ್ತೇನೆ. ಗಿರಾಕಿ ಬಂದರೆ ಮೊದಲು ಅಂಗೈ ಚಾಚಬೇಕು. ಒಂದು ಚಿಟಿಕೆ ಹಾಕುತ್ತೇನೆ. ಬಾಯಿಗೆ ಹಾಕಿಕೊಂಡವರ ಮುಖ ನೋಡಿ ಇನ್ನಷ್ಟು ಖಾರ ಬೆರೆಸಬೇಕೋ, ಬೆಳ್ಳುಳ್ಳಿ ಬೆರೆಸಬೇಕೋ ಅಂತ ಅಲ್ಲೇ ತೀರ್ಮಾನಿಸಿ, ಬೆರೆಸಿ, ತೂಗಿ, ಕೊನೆಗೆ ಮೇಲೊಂದು ಹಿಡಿ ಕೊಸರು ಹಾಕಿ ಕಾಗದದಲ್ಲಿ ಕಟ್ಟಿಕೊಡುತ್ತೇನೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ ಬರುವ ಪುಣೆ, ಮುಂಬೈ ಮಂದಿಗೆ ಒಂದು ರೇಟು, ವಾಗದರಿಯಿಂದ ಸಂತೆಗೆ ಬರುವ ನಮ್ಮ ಕಡೆಯ ಮಂದಿಗೆ ಇನ್ನೊಂದು. ಯಾರೂ ಕೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ.

ಪ್ರತಿ ವಾರ ಒಂದು ಡಬ್ಬಿ ಚಟ್ನಿ ನಮ್ಮವರ ಬಸ್ಸಿನಲ್ಲಿ ಪ್ರಭಾವತಿಯ ಅಂಗಡಿಗೂ ಹೋಗುತ್ತಿತ್ತು. ಅವಳು ಅದನ್ನು ಪುಟ್ಟ ಪುಟ್ಟ ಪೊಟ್ಟಣ ಮಾಡಿ ಚಾದರದ ಗಿರಾಕಿಗಳಿಗೆ ಮಾರುತ್ತಿದ್ದಳು. ಅಲ್ಲಿಂದ ಬಂದದ್ದೇ ನನ್ನ ಸಂಕಟ. ಸೋಲಾಪುರದಲ್ಲಿ ಯಾರನ್ನು ಕೇಳಿದರೂ ಅದು 'ಪ್ರಭಾವತಿಯ ಅಂಗಡಿ ಚಟ್ನಿ'. ಕುಟ್ಟಿ ಕುಟ್ಟಿ ರಟ್ಟೆ ಬಿದ್ದದ್ದು ನನ್ನದು, ಹೆಸರು ಅವಳದು! ಒಂದೇ ಒಂದು ಸಲ ನನ್ನ ಹೆಸರಲ್ಲಿ ಆ ಚಟ್ನಿ ಊರು ದಾಟಿ ಹೋಗಬೇಕು ಅಂತ ನನಗಿದ್ದ ಆಸೆ ಯಾವ ಒಡವೆಯ ಮೇಲೂ ಇರಲಿಲ್ಲ.

ಕಾರ್ಗಿಲ್ ಯುದ್ಧ ಮುಗಿದ ಮೇಲೆ, ದೀಪಾವಳಿಗೆ ಮುಂಚೆ, ಪ್ರಭಾವತಿ ನಮ್ಮ ಪಕ್ಕದ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿದಳು.

"ಅಕ್ಕಾ, ಇಂಟರ್‌ನೆಟ್ ಮ್ಯಾಲ ಆರ್ಡರ್ ಬಂದದರಿ," ಅಂದಳು. ದನಿಯಲ್ಲಿ ಸಂತೋಷವಿರಲಿಲ್ಲ.

"ಬರ್ಲಿ ಬಿಡವ್ವಾ. ನಿನಗ ಬರದ ಮತ್ಯಾರಿಗೆ ಬರ್ತದ?" ಅಂದೆ.

"ಚಾದರಕ್ಕ ಅಲ್ರಿ. ನಿಮ್ಮ ಚಟ್ನಿಗೆ."

ಮರುದಿನ ಮೊದಲ ಬಸ್ಸಿಗೇ ಹೋದೆ. ನವಿ ಪೇಠದಲ್ಲಿ ಅವಳ ಅಂಗಡಿಯ ಮಾಳಿಗೆಯ ಮೇಲೆ ಆಶಿಷ ಅನ್ನುವವನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಓದಿದ ಮನೆಯವನು, ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಪೇಠದ ಅಂಗಡಿಗಳಿಂದ ವರ್ಷಕ್ಕಿಷ್ಟು ಅಂತ ಇಸಿದುಕೊಂಡು ಎಲ್ಲರ ಹೆಸರು, ಮಾಲು, ಬೆಲೆ ಇಂಟರ್‌ನೆಟ್ಟಿಗೆ ಹಾಕಿದ್ದ. ಪ್ರಭಾವತಿಯ ಪುಟದಲ್ಲಿ ಚಾದರ, ಟವೆಲ್ಲು ಎಲ್ಲ ಬರೆದ ಮೇಲೆ ಕೆಳಗೆ ಒಂದು ಸಾಲು ಜಾಗ ಉಳಿಯಿತಂತೆ. ಸುಮ್ಮನೆ ಖಾಲಿ ಯಾಕೆ ಬಿಡುವುದು ಅಂತ ಚಟ್ನಿ ಸೇರಿಸಿದ್ದರು. ನನ್ನ ಚಟ್ನಿ ಅವಳಿಗೆ ಖಾಲಿ ಜಾಗ ತುಂಬುವ ಮಾಲು!

"ಹೆಂಗ ಬರ್ತದಪ್ಪಾ ಇದು?" ಅಂತ ಕೇಳಿದೆ.

ಆಶಿಷ ಟೆಲಿಫೋನಿನ ವೈರು ಕಿತ್ತು ಕಂಪ್ಯೂಟರಿನ ಪಕ್ಕದ ಪೆಟ್ಟಿಗೆಗೆ ಚುಚ್ಚಿದ. ಅದು ಕಿರ್ರೋ ಅಂತ ಅರಚಿಕೊಂಡಿತು. ಎರಡು ಸಲ ಲೈನು ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. "ನೋಡ್ರಿ ಕಾಕೂ, ಈ ಪುಟ ನೋಡಿದವರು ಕೆಳಗ ಹೆಸರು, ಪತ್ತೆ, ಏನ್ ಬೇಕು, ಎಷ್ಟ್ ಬೇಕು ಅಂತ ತುಂಬಿ ಬಟನ್ ಒತ್ತಿದ್ರ ನನ್ನ ಈಮೇಲಿಗೆ ಬರ್ತದ. ಫೋನಿನ ಬಿಲ್ ಏರ್ತದ ಅಂತ ನಾ ದಿನಕ್ಕೊಮ್ಮೆ ಸಂಜಿಗಷ್ಟ ನೋಡ್ತೀನಿ. ಬಸ್, ಏವಢಂಚ, ಇಷ್ಟ ನೋಡ್ರಿ."

"ರೊಕ್ಕ?"

"ರೊಕ್ಕ ಇದರಾಗ ಬರಂಗಿಲ್ರಿ. ಡ್ರಾಫ್ಟ್ ಕಳಸ್ಬೇಕು, ಇಲ್ಲಾ ವಿ.ಪಿ. ಪಾರ್ಸೆಲ್. ಇವರು ವಿ.ಪಿ. ಅಂದಾರ. ಅಲ್ಲಿ ಪೋಸ್ಟಮನ್ನಿಗೆ ರೊಕ್ಕ ಕೊಟ್ಟ ಮ್ಯಾಲೇ ಅವರ ಕೈಗೆ ಪಾರ್ಸೆಲ್. ಆ ರೊಕ್ಕ ಮನಿಆರ್ಡರ್ ಆಗಿ ಕಳಿಸಿದವರ ಹೆಸರಿಗೆ ವಾಪಸ್ ಬರ್ತದ."

ಕಳಿಸಿದವರ ಹೆಸರಿಗೆ! ಆ ಮಾತು ನನ್ನ ಕಿವಿಯಲ್ಲಿ ಕೂತಿತು.

ಆರ್ಡರು ಕೊಟ್ಟವಳು ಯೋಗಿತಾ. ಸೋಲಾಪುರದ ದಾರಿಯಲ್ಲಿ ಸಿಗುವ ನಮ್ಮ ವಳಸಂಗದ ಮಗಳು, ಗಂಡನ ನೌಕರಿಯಿಂದಾಗಿ ದೂರದ ಉಕ್ಕಿನ ಕಾರ್ಖಾನೆಯ ಊರು ಭಿಲಾಯಿಯಲ್ಲಿ ಇದ್ದಾಳೆ. ಗಂಡನ ಆಫೀಸಿನ ಕಂಪ್ಯೂಟರಿನಲ್ಲಿ ಸೋಲಾಪುರ ಅಂತ ಹುಡುಕಿದಾಗ ಪ್ರಭಾವತಿಯ ಪುಟ ಸಿಕ್ಕಿತಂತೆ. ಎರಡು ಕಿಲೋ ಶೇಂಗಾ ಚಟ್ನಿ ಬೇಕು ಅಂತ ಬರೆದಿದ್ದಳು.

"ನಮ್ಮ ಅಂಗಡಿ ಚೀಲದಾಗ ಹಾಕಿ ಕಳಸೂಣ್ರಿ ಅಕ್ಕಾ," ಅಂದಳು ಪ್ರಭಾವತಿ.

"ಯಾಕ? ಚಟ್ನಿ ನಿಮ್ಮ ಚಾದರ ಕುಟ್ಟಿದ್ದೇನು?" ಅಂದೆ. "ಕಳಸಾಕಿ ನಾನು. ನನ್ನ ಹೆಸರ್ಲೇ ಹೋಗ್ಲಿ."

ಅವಳು ಆಶಿಷನ ಮುಖ ನೋಡಿದಳು. ಅವನು ಜಾಣ, ಕಂಪ್ಯೂಟರಿನ ಮುಖ ನೋಡಿದ. "ಹೋಗ್ಲಿ ಬಿಡ್ರಿ, ನನ್ನ ಚಾದರಕ್ಕ ಎಣ್ಣಿ ಹತ್ತೋದು ತಪ್ತು," ಅಂತ ಮುಖ ತಿರುಗಿಸಿಕೊಂಡು ಕೆಳಗಿಳಿದಳು. ನಾನು ಗೆದ್ದೆ ಅಂದುಕೊಂಡೆ.

ಅಂಗಡಿಗೆ ಬಂದು ಒರಳ ಮುಂದೆ ಕೂತಾಗ ಕೈ ನಿಂತಿತು. ಭಿಲಾಯಿಯವಳ ಅಂಗೈ ಎಲ್ಲಿದೆ? ಯಾರ ಮುಖ ನೋಡಿ ಖಾರ ಬೆರೆಸಲಿ? ಆಶಿಷ ಆರ್ಡರು ಬರೆದುಕೊಟ್ಟ ಕಾಗದದಲ್ಲಿ ಎರಡು ಕಿಲೋ ಅಂತಿತ್ತು, ಎಷ್ಟು ಖಾರ ಅಂತ ಇರಲಿಲ್ಲ. ಹಾಳಾಗಿ ಹೋಗಲಿ, ವಳಸಂಗದ ಹೆಣ್ಣುಮಗಳು ಖಾರಕ್ಕೆ ಹೆದರುತ್ತಾಳೆಯೇ ಅಂತ ನನ್ನ ನಾಲಿಗೆಗೆ ಸರಿ ಬರುವಂತೆ ಕೆಂಪಗೆ ಕುಟ್ಟಿದೆ.

ಕಾಗದದಲ್ಲಿ ಕಟ್ಟಿ ಒಂದು ತಾಸು ಇಟ್ಟೆ, ಎಣ್ಣೆ ಜಿನುಗಿ ಕಾಗದ ಕಪ್ಪಾಯಿತು. ಹೀಗೆ ಹೋದರೆ ಭಿಲಾಯಿಗೆ ಎಣ್ಣೆ ಚೀಲ ಮುಟ್ಟುತ್ತದೆ. ಹಪ್ಪಳ ಮಾರುವ ರಖಮಾಬಾಯಿ ದಾರಿ ತೋರಿಸಿದಳು. ದಪ್ಪ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಗರಗಸದ ಎರಡು ಬ್ಲೇಡುಗಳ ನಡುವೆ ಒತ್ತಿ ಹಿಡಿದು, ಹೊರಗೆ ಉಳಿದ ಅಂಚನ್ನು ಮೇಣದ ಬತ್ತಿಯ ಉರಿಗೆ ಸರ್ರನೆ ಎಳೆಯಬೇಕು. ಅಂಚು ಕರಗಿ ಅಂಟಿಕೊಳ್ಳುತ್ತದೆ. ನಿಧಾನ ಮಾಡಿದರೆ ತೂತು ಬೀಳುತ್ತದೆ. ನಾಲ್ಕು ಚೀಲ ಸುಟ್ಟ ಮೇಲೆ ಕೈ ಹಿಡಿತಕ್ಕೆ ಬಂತು. ಒಂದರೊಳಗೆ ಒಂದು ಚೀಲ, ಆಮೇಲೆ ತಗಡಿನ ಡಬ್ಬಿ, ಡಬ್ಬಿಗೆ ಬಿಳಿ ಬಟ್ಟೆಯ ಹೊಲಿಗೆ, ಮೇಲೆ ಇಂಗ್ಲಿಷಿನಲ್ಲಿ ಅವಳ ಪತ್ತೆ, ಮೂಲೆಯಲ್ಲಿ ನನ್ನದು. ನನ್ನ ಹೆಸರನ್ನು ಅವಳ ಹೆಸರಿಗಿಂತ ದೊಡ್ಡದಾಗಿ ಬರೆಸಿದೆ.

ಪೋಸ್ಟಿನಲ್ಲಿ ಗುರುರಾಜ ಗುಮಾಸ್ತರು ತಕ್ಕಡಿಯ ಮೇಲಿಟ್ಟು ಕನ್ನಡಕದ ಮೇಲಿಂದ ನೋಡಿದರು. "ಬಾಯಿ, ಈ ತೂಕ ಮ್ಯಾಲಿನ ದರಕ್ಕ ಹೊಂಟದ. ಅರ್ಧ ಕಿಲೋಕ್ಕೊಮ್ಮೆ ದರ ಏರ್ತದ. ಇದು ಸ್ವಲ್ಪದರಾಗ ದಾಟ್ಯದ. ಏನ್ ಹೆಚ್ಚಿಗಿ ಹಾಕೀರಿ?"

"ಕೊಸರು ಹಾಕೀನ್ರಿ."

"ಪೋಸ್ಟಿಗೆ ಕೊಸರು ತಿಳಿಯಂಗಿಲ್ಲ ಬಾಯಿ. ತಗೀರಿ, ಇಲ್ಲಾ ಟಿಕೀಟ್ ಹೆಚ್ಚಿಗಿ ಹಚ್ರಿ."

ಕೊಟ್ಟ ಕೊಸರನ್ನು ವಾಪಸು ತೆಗೆಯುವುದೆಂದರೆ ಬಾಯಿಗಿಟ್ಟ ತುತ್ತು ಕಿತ್ತುಕೊಂಡ ಹಾಗೆ. ಹೆಚ್ಚಿನ ಅಂಚೆ ಟಿಕೀಟನ್ನೇ ಹಚ್ಚಿದೆ. ವಿ.ಪಿ. ಫಾರಂ ಮೇಲೆ ಕಳಿಸುವವರು ಎಂಬಲ್ಲಿ ನನ್ನ ಹೆಸರು ಸುಗಲಾಬಾಯಿ ಅಂತ ಅವರು ಬರೆಯುವಾಗ ಕುತ್ತಿಗೆ ಚಾಚಿ ನೋಡಿದೆ. ಮನೆಗೆ ಬರುವಾಗ ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಕೆಲವು ವಾರಗಳಲ್ಲಿ ಮನಿಆರ್ಡರು ಬಂತು. ಸಹಿ ಹಾಕುವಾಗ ಅಂಗಡಿ ಮುಂದೆ ನಿಂತಿದ್ದವರೆಲ್ಲ ನೋಡುವಂತೆ ನಿಧಾನವಾಗಿ ಹಾಕಿದೆ. ಅದೇ ಸಂಜೆ ನಮ್ಮವರು ಡ್ಯೂಟಿ ಮುಗಿಸಿ ಬಂದವರು, "ಪ್ರಭಾ ಅಂದಾಳ, ನಿನಗ ಬಾ ಅಂತ. ಭಿಲಾಯಿಯಿಂದ ಮತ್ತ ಈಮೇಲ್ ಬಂದದಂತ," ಅಂದರು. ಇನ್ನೊಂದು ಆರ್ಡರು ಅಂದುಕೊಂಡು ಮರುದಿನ ಹೊಸ ಇಳಕಲ್ ಸೀರೆ ಉಟ್ಟು ಹೋದೆ.

ಆಶಿಷ ಈಮೇಲಿನ ಕಾಗದವನ್ನು ಕೆಳಗೆ ಪ್ರಭಾವತಿಯ ಅಂಗಡಿಗೇ ತಂದು, ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳುತ್ತ ಹೋದ. ಪಾರ್ಸೆಲ್ ಚೆನ್ನಾಗಿ ಮುಟ್ಟಿದೆ. ಒಂದು ಹನಿ ಎಣ್ಣೆಯೂ ಹೊರಗೆ ಬಂದಿಲ್ಲ. ನಾನು ಪ್ರಭಾವತಿಯ ಕಡೆ ನೋಡಿದೆ. ಆಮೇಲೆ ಅವನು ಸ್ವಲ್ಪ ಕೆಮ್ಮಿದ.

"ಆದ್ರ ಕಾಕೂ, ಇದು ಆ ಚಟ್ನಿ ಅಲ್ಲ ಅಂತ ಬರದಾರ್ರಿ. 'ತವರಿಗೆ ಬಂದಾಗೆಲ್ಲ ನವಿ ಪೇಠದ ಅಂಗಡಿಯಿಂದ ಒಯ್ತಿದ್ವಿ. ಅದು ಹಿಂಗ ಬೆಂಕಿ ಇರ್ಲಿಲ್ಲ. ಮಕ್ಕಳು ಸುದ್ದಾ ಅನ್ನಕ್ಕ ಕಲಸಿಕೊಂಡು ತಿಂತಿದ್ರು. ಬಾಯಾಗ ಇಟ್ರ ಮೊದಲು ಶೇಂಗಾ, ಆಮ್ಯಾಲ ಖಾರ ಬರ್ತಿತ್ತು. ಆ ಚಟ್ನಿ ಇದ್ರ ಕಳಸ್ರಿ, ನಮ್ಮ ಕಾಲನಿಯೊಳಗ ಇನ್ನೂ ಆರು ಮನಿಯವರಿಗೆ ಬೇಕಾಗ್ಯದ. ಇದ ಇದ್ರ ಬ್ಯಾಡ.'"

ನಾನು ಆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡೆ. "ಏನ್ ಮಾತಿದು? ನವಿ ಪೇಠಕ್ಕೂ ಭಿಲಾಯಿಗೂ ಕಳಿಸಿದ್ದು ಒಂದ ಒರಳಿನ ಚಟ್ನಿ! ಪ್ರಭಾನ ಪೊಟ್ಟಣದಾಗ ಹಾಕಿದ್ರ ಅಮೃತ, ನನ್ನ ಡಬ್ಬಿಯಾಗ ಹಾಕಿದ್ರ ಬೆಂಕಿ? ಅಂದ್ರ ಮಂದಿ ಬೋರ್ಡ್ ನೆಕ್ತಾರೇನು?"

ಪ್ರಭಾವತಿ ಮಡಚಿದ ಚಾದರವನ್ನು ಬಿಚ್ಚಿ ಮತ್ತೆ ಮಡಚಿದಳು. ಆಶಿಷ ಕ್ಲಾಸಿದೆ ಅಂತ ಮೇಲೆ ಹೋದ. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

"ಅಕ್ಕಾ, ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ."

"ಬೈಬ್ಯಾಡ್ರಿ ಅಂದ ಮ್ಯಾಲ ಬೈಯೋದ ಇರ್ತದ. ಹೇಳು."

"ಅದ್ರಾಗ ನಾ ಹುರಿದ ಶೇಂಗಾದ ಪುಡಿ ಬೆರಸ್ತಿದ್ದೆ. ಚೂರು ಸಕ್ಕರೀನೂ."

"ಲಾಭಕ್ಕ?"

"ಅಲ್ರಿ." ಅವಳ ದನಿಯಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು. "ಮೊದಮೊದಲ ಮಂದಿ ಗಾಜಿನ ಬಾಗಲಾ ತಗದು ಒಳಗ ಬಂದು, ಚಾದರ ಕಡೆ ಹೊಳ್ಳಿ ನೋಡದ, ಅಕ್ಕಲಕೋಟಿ ಚಟ್ನಿ ಬಂದದೇನ್ರಿ ಅಂತ ಕೇಳ್ತಿದ್ರು. ಇಷ್ಟು ದೊಡ್ಡ ಅಂಗಡಿ ನಂದು! ಅತ್ತಿಯವರು ಸಾಯೂತನಕ ಹಿರೀ ಸೊಸಿ ಕೈ, ಹಿರೀ ಸೊಸಿ ಕೈ ಅಂತಿದ್ರು. ಇಲ್ಲಿ ಬಂದ್ರೂ ಬಿಡವಲ್ದು ನಿಮ್ಮ ಕೈ. ಕೆಟ್ಟು ಹೋಗ್ಲಿ, ಮಂದಿ ಮತ್ತ ಕೇಳಬಾರದು ಅಂತ ಬೆರೆಸಿದೆ. ಸಪ್ಪಗಾದ್ರ ಬಿಡ್ತಾರ ಅಂದ್ಕೊಂಡಿದ್ದೆ. ಅವರು ಇನ್ನೂ ಹೆಚ್ಚಿಗಿ ಒಯ್ಯಾಕತ್ತಿದ್ರು!"

ಇಷ್ಟು ವರ್ಷ ಹೊಟ್ಟೆಕಿಚ್ಚು ನನ್ನೊಬ್ಬಳ ಆಸ್ತಿ ಅಂದುಕೊಂಡಿದ್ದೆ. ಅದರಲ್ಲೂ ಪಾಲಿಗೆ ಬಂದಳಲ್ಲ ಇವಳು! ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ದೊಡ್ಡ ಬೋರ್ಡಿನ ಕೆಳಗೆ ಕೂತು ಅವಳು ನನ್ನನ್ನು ಕಂಡು ಉರಿದಿದ್ದಾಳೆ. ಮರುಗಳಿಗೆಗೆ ಭಿಲಾಯಿಯ ಆರು ಮನೆ ನೆನಪಾಯಿತು. ಅವರಿಗೆ ಬೇಕಾದದ್ದು ನನ್ನ ಕೈಯ ಚಟ್ನಿ ಅಲ್ಲ, ಇವಳು ಕೆಡಿಸಿದ ಚಟ್ನಿ. ಹೊಟ್ಟೆ ಮತ್ತೆ ಉರಿಯಿತು.

"ಎಷ್ಟು ಬೆರಸ್ತಿದ್ದಿ?"

"ಎಷ್ಟಂದ್ರ? ಅಳತಿ ಮಾಡಿ ಯಾರರ ಕೆಡಸ್ತಾರೇನ್ರಿ? ಸಿಟ್ಟು ಬಂದಷ್ಟು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಆಗ ನನಗೆ ಇನ್ನೊಂದು ಹೊಳೆಯಿತು. ಅಂಗೈ ಚಾಚುವ ಗಿರಾಕಿಗೆ ನಾನು ದಿನಕ್ಕೊಂದು ಖಾರ ಕೊಟ್ಟರೂ ನಡೆಯುತ್ತದೆ, ಅವರ ಮುಂದೆಯೇ ಸರಿಮಾಡಬಹುದು. ಭಿಲಾಯಿಯವಳಿಗೆ ರೊಕ್ಕ ಕೊಟ್ಟ ಮೇಲಷ್ಟೇ ಡಬ್ಬಿ ತೆರೆಯಲು ಸಿಗುತ್ತದೆ. ಹಿಂದೆ ತಿಂದ ರುಚಿಯ ನೆನಪೇ ಅವಳು ಚಾಚುವ ಅಂಗೈ. ಈ ಸಲ ಬಂದದ್ದು ಮುಂದಿನ ಸಲವೂ ಹಾಗೇ ಬರದಿದ್ದರೆ ಅವಳು ಮತ್ತೆ ಆ ಬಟನ್ ಒತ್ತುವುದಿಲ್ಲ.

"ನಾಳಿ ಅಕ್ಕಲಕೋಟಿಗೆ ಬಾ," ಅಂದೆ. "ಸಿಟ್ಟು ತಗೊಂಡ ಬಾ."

ಬಂದಳು. ನನ್ನ ಒರಳ ಮುಂದೆ, ಆ ಬೋರ್ಡಿಲ್ಲದ ಅಂಗಡಿಯಲ್ಲಿ, ಜರಿ ಅಂಚಿನ ಸೀರೆ ಸಿಕ್ಕಿಸಿಕೊಂಡು ಕೂತಳು. ಒಂದು ಕಿಲೋ ಚಟ್ನಿ ತೂಗಿ ಪರಾತದ ಅಗಲ ತಾಟಿನಲ್ಲಿ ಹಾಕಿ ಮುಂದಿಟ್ಟೆ. ಶೇಂಗಾ ಪುಡಿಯ ಡಬ್ಬಿಯನ್ನು ಮೊದಲೇ ತೂಗಿ ಅವಳ ಬಲಗಡೆ ಇಟ್ಟೆ. ಅವಳು ಹಿಡಿ ತುಂಬಿ ಹಾಕಿದಳು, ಕಲಸಿದಳು, ನಾಲಿಗೆಗೆ ಹಚ್ಚಿಕೊಂಡು ತಲೆ ಅಲ್ಲಾಡಿಸಿದಳು, ಇನ್ನಷ್ಟು ಹಾಕಿದಳು, ಮೇಲೆ ಚಮಚದಿಂದ ಸಕ್ಕರೆ ಉದುರಿಸಿದಳು. "ಇಷ್ಟ್ರಿ," ಅಂದ ಮೇಲೆ ಡಬ್ಬಿಯನ್ನು ಮತ್ತೆ ತೂಗಿದೆ. ಎಷ್ಟು ಕಡಿಮೆಯಾಗಿತ್ತೋ ಅದೇ ಅವಳ ಹಿಡಿ. ಮೂರು ಸಲ ಮಾಡಿಸಿದೆ. ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ ಬಂತು. ಕಿಲೋಗೆ ಕಾಲು ಕಿಲೋ ಪುಡಿ, ಎರಡು ಚಮಚ ಸಕ್ಕರೆ. ಸಿಟ್ಟಿಗೂ ಒಂದು ತೂಕ ಇರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

"ಪೊಟ್ಟಣದ ಮ್ಯಾಲ ಯಾರ ಹೆಸರು?" ಅಂತ ನಾನೇ ಕೇಳಿದೆ. ಕೇಳದೆ ಬಿಟ್ಟರೆ ಆಮೇಲೆ ಅದು ಮುಳ್ಳಾಗುತ್ತಿತ್ತು.

ಪ್ರಭಾವತಿ ಕೈ ತೊಳೆಯುತ್ತಿದ್ದಳು. "ನಿಮ್ದ ಹಾಕ್ರಿ ಅಕ್ಕಾ. ನನ್ನ ಹೆಸರು ಹಾಕಿದ್ರ ನಾಳಿ ಯಾರರ ಕೇಳ್ತಾರ, ಇದ್ರಾಗ ನೀ ಏನ್ ಹಾಕೀದಿ ಅಂತ. ಹೊಟ್ಟಿಕಿಚ್ಚು ಹಾಕೀನಿ ಅನ್ಲೇನು?"

ಆಶಿಷ ನನ್ನ ಹೆಸರಲ್ಲೇ ಬೇರೆ ಪುಟ ಮಾಡಿದ. 'ಸುಗಲಾಬಾಯಿ ಶೇಂಗಾ ಚಟ್ನಿ, ಅಕ್ಕಲಕೋಟ'. ಕೆಳಗೆ ಎರಡು ಸಾಲು. ಒಂದು ಖಾರ, ಒಂದು ಸೌಮ್ಯ. ಬೆಲೆ ಎಷ್ಟು ಬರೆಯಲಿ ಅಂತ ಕೇಳಿದಾಗ ಮತ್ತೆ ತಲೆಕೆರೆದುಕೊಂಡೆ. ಆ ಪುಟವನ್ನು ಪುಣೆಯವರೂ ನೋಡುತ್ತಾರೆ, ವಾಗದರಿಯವರ ಮಗನೂ ನೋಡುತ್ತಾನೆ. ಇಬ್ಬರಿಗೂ ಎರಡು ಬೆಲೆ ಹೇಗೆ ಬರೆಯುವುದು? ಒಂದೇ ಬರೆಸಿದೆ. ಅಲ್ಲಿ ಒಂದು ಬರೆದ ಮೇಲೆ ಇಲ್ಲಿ ಗುರುವಾರದ ಗಿರಾಕಿಗೆ ಬೇರೆ ಹೇಳಲು ಬಾಯಿ ಬರಲಿಲ್ಲ. ಅಂಗಡಿಯ ಗೋಡೆಗೂ ಅದೇ ಬೆಲೆ ಬರೆಸಿದೆ.

ಮಂಗಳವಾರ, ಶುಕ್ರವಾರ ಮಾತ್ರ ಪಾರ್ಸೆಲಿನ ಚಟ್ನಿ ಕುಟ್ಟುವುದು ಅಂತಾಯಿತು. ಆವತ್ತು ಕುಟ್ಟಿದ್ದನ್ನು ಆವತ್ತೇ ಉರಿಯಲ್ಲಿ ಅಂಟಿಸಿ ಮೇಲೆ ತಾರೀಖು ಹಾಕುವುದು. ಡಬ್ಬಿ, ಬಟ್ಟೆ ಎಲ್ಲ ಸೇರಿ ಪೋಸ್ಟಿನ ದರದ ಗೆರೆ ದಾಟದಂತೆ ಮೊದಲೇ ತೂಗುವುದು. ಪಾರ್ಸೆಲಿಗಾಗಲಿ, ಅಂಗಡಿಯಲ್ಲಿ ಕೊಡುವ ಪೊಟ್ಟಣಕ್ಕಾಗಲಿ ಕೊಸರಿಲ್ಲ. ಇದೊಂದಕ್ಕೆ ರಖಮಾಬಾಯಿ ಬೀದಿಯಲ್ಲಿ ನಿಂತು ಕೂಗಾಡಿದಳು. "ಮಾರಿ ನೋಡದ ಮಂದಿಗೆ ಪ್ಲಾಸ್ಟಿಕ್, ತಾರೀಖು. ನಮಗ ಕೊಸರೂ ಬಂದ್? ಏನವಾ, ಇಂಟರ್‌ನೆಟ್ ಬಂದಿದ್ದಕ್ಕ ಕಣ್ಣು ನೆತ್ತಿಗೇರಿದ್ವೇನು?" ನನಗೂ ಸಿಟ್ಟು ಬಂತು, ಅವಳ ಮಾತು ಸುಳ್ಳೂ ಅಲ್ಲ. ಕಟ್ಟೆಯ ಮುಂದೆ ಬಂದು ಅಂಗೈ ಚಾಚಿದವರಿಗೆ ಬಿಡಿ ಚಟ್ನಿ, ಬೇಕಾದ ಖಾರ, ಮೇಲೆ ಒಂದು ಹಿಡಿ, ಮೊದಲಿನಂತೆಯೇ ಅಂತ ಮಾಡಿದೆ. ಒಂದೇ ಅಂಗಡಿಯಲ್ಲಿ ಎರಡು ಅಂಗಡಿ ನಡೆಸಿದ ಹಾಗಾಯಿತು.

ಭಿಲಾಯಿಗೆ ಆರು ಮನೆಯ ಡಬ್ಬಿ ಹೋಯಿತು. ನಾಗಪುರದಿಂದ ಒಂದು ಆರ್ಡರು, ಆಮೇಲೆ ಠಾಣೆಯಿಂದ ಒಂದು. ಆಶಿಷ ಕಾಗದಗಳನ್ನು ನಮ್ಮವರ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದ. ಕಾಗದ ಕೈಗೆ ಬಂದ ಕೂಡಲೇ ನಾನು ನೋಡುವುದು ಎಷ್ಟು ಕಿಲೋ ಅಂತಲ್ಲ, ಯಾವುದು ಅಂತ. ಸೌಮ್ಯ. ಸೌಮ್ಯ. ಸೌಮ್ಯ. ಡಬ್ಬಿಯ ಮೇಲೆ ದೊಡ್ಡದಾಗಿ ನನ್ನ ಹೆಸರು. ಒಳಗೆ ಪ್ರಭಾವತಿಯ ಹಿಡಿ. ಹೆಸರಿಗಾಗಿ ಹೊಡೆದಾಡಿ ಹೆಸರು ಗೆದ್ದೆನಲ್ಲ, ಅನುಭವಿಸು ಅಂತ ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಪಾರ್ಸೆಲುಗಳನ್ನೆಲ್ಲ ಹೊಲಿದು ಮುಗಿಸಿದ ಮೇಲೆ ಪರಾತದ ತಳದಲ್ಲಿ ಸೌಮ್ಯ ಸ್ವಲ್ಪ ಉಳಿಯಿತು. ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದರು. ಗರಿಗರಿ ಕಟಕ ಸಜ್ಜೆರೊಟ್ಟಿ, ಮೊಸರು ಬಡಿಸಿದೆ. ಚಟ್ನಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಪರಾತವನ್ನೇ ಎಳೆದುಕೊಂಡು ರೊಟ್ಟಿಯಿಂದ ಬಳಿದು ತಿನ್ನುತ್ತಿದ್ದರು. ಈ ಮನೆಗೆ ಬಂದಂದಿನಿಂದ ನನ್ನ ಕೆಂಪು ಚಟ್ನಿ ಬಿಟ್ಟು ಬೇರೆ ಯಾವುದನ್ನೂ ಅವರಿಗೆ ನಾನು ಬಡಿಸಿದವಳಲ್ಲ. ಅವರು ಒಂದು ದಿನವೂ ಚೆನ್ನಾಗಿದೆ ಅಂದವರಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಅದನ್ನೇ ನಾನು ಹೊಗಳಿಕೆ ಅಂದುಕೊಂಡಿದ್ದೆ.

ಇನ್ನೊಂದು ರೊಟ್ಟಿ ಮುರಿದುಕೊಂಡು, ಬಾಯಿ ತುಂಬ ಇಟ್ಟುಕೊಂಡು, ತಲೆ ಎತ್ತಿ ಅಂದರು:

"ಸುಗಲಾ, ಇವತ್ತು ಭಾಳ ಛಲೋ ಮಾಡೀದಿ ನೋಡು ಚಟ್ನಿ. ಮೊದಲ ಹಿಂಗ್ಯಾಕ ಮಾಡ್ತಿರ್ಲಿಲ್ಲ ನೀ?"

ನಾನು ಪರಾತವನ್ನು ಅವರ ಮುಂದಿನಿಂದ ಎಳೆದುಕೊಂಡು, ಕೆಂಪು ಚಟ್ನಿಯ ಬಟ್ಟಲನ್ನು ಅಲ್ಲಿ ಕುಕ್ಕಿದೆ.

"ಅದು ಮಾರೋದು ಅದರಿ," ಅಂದೆ. "ಮನ್ಯಾಗ ಇದ ತಿನ್ರಿ."